ನಕಲಿ ಸರ್ಟಿಫಿಕೇಟ್ ತಡೆದದ್ದು ಹೊಲೋಗ್ರಾಮ್ ಅಲ್ಲ, ಫೋಟೊ: ನನ್ನ ಅನುಭವ

"ಕೋಡ್ ಹಾಕಿ ಏನು ಉಪಯೋಗ ಸರ್? ಸರ್ಟಿಫಿಕೇಟ್ ಕಾಪಿ ಮಾಡೋನು ಕೋಡನ್ನೂ ಕಾಪಿ ಮಾಡ್ತಾನೆ." ನಮ್ಮ ಸರ್ಟಿಫಿಕೇಟ್ ಅಸಲಿಯೋ ನಕಲಿಯೋ ಎಂದು ಕೆಲಸ ಕೊಡುವವರು ನೋಡಿಕೊಳ್ಳಲು ಅದರ ಮೇಲೆ ಕೋಡ್ ಹಾಕುವ ಕೆಲಸಕ್ಕೆ ನಾನು ಕೈ ಹಾಕಿದಾಗ ಪಕ್ಕದ ರಸ್ತೆಯ ಇನ್‌ಸ್ಟಿಟ್ಯೂಟ್‌ನವರು ಹೇಳಿದ್ದು ಇದನ್ನೇ. ನಮ್ಮ ಪ್ರಿಂಟರ್ ಹೇಳಿದ್ದೂ ಇದನ್ನೇ. ಮಾತು ಸರಿಯಾಗಿಯೇ ಇತ್ತು. ಕೋಡ್ ಕಾಪಿ ಆಗುತ್ತದೆ, ಕ್ಯುಆರ್ ಇನ್ನೂ ಸುಲಭವಾಗಿ ಕಾಪಿ ಆಗುತ್ತದೆ. ಕಾಪಿ ಮಾಡಿದವನಿಗೆ ಅದರಿಂದ ಏನೂ ಗಿಟ್ಟದಂತೆ ಮಾಡುವುದು ಹೇಗೆ ಎಂದು ಯೋಚಿಸಿದ ಮೇಲೆಯೇ ನನಗೆ ದಾರಿ ಸಿಕ್ಕಿದ್ದು. ನಾನು ದಾವಣಗೆರೆಯಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕಪತ್ರದ ತರಬೇತಿ ನಡೆಸುತ್ತೇನೆ. ನಮ್ಮ ಹುಡುಗರು ಆಡಿಟರ್ ಆಫೀಸು, ಬೈಕ್ ಶೋರೂಮು, ಬೆಂಗಳೂರಿನ ಸಣ್ಣ ಕಂಪನಿಗಳಿಗೆ ಹೋಗುತ್ತಾರೆ. ಮೂರು ವರ್ಷದ ಮೇಲಾಯಿತು, ಹೊಸ ವಿಧಾನ ಬಂದ ಮೇಲೆ ನಮ್ಮ ಹೆಸರಿನ ನಕಲಿ ತೋರಿಸಿ ಕೆಲಸಕ್ಕೆ ಸೇರಿದ ಒಬ್ಬರೂ ನನ್ನ ಗಮನಕ್ಕೆ ಬಂದಿಲ್ಲ. ಸಿಕ್ಕಿಬಿದ್ದವರು ಮಾತ್ರ ಇದ್ದಾರೆ.

ಮೊದಲು ದುಡ್ಡು ಸುರಿದದ್ದು ಹೊಲೋಗ್ರಾಮ್ ಮೇಲೆ. ನಮ್ಮ ಲೋಗೊ ಇರುವ ಸ್ಟಿಕರ್ ಬೇಕೆಂದರೆ ಕನಿಷ್ಠ ಐದು ಸಾವಿರ ತೆಗೆದುಕೊಳ್ಳಬೇಕು ಎಂದರು. ಒಂದಕ್ಕೆ ಎರಡೂವರೆ ರೂಪಾಯಿಯ ಆಸುಪಾಸು, ಅದರ ಮೇಲೆ ಅಚ್ಚಿನ ಖರ್ಚು ಬೇರೆ. ಉಬ್ಬು ಮುದ್ರೆಯ ಸೀಲ್ ಒಂದು ಮಾಡಿಸಿದೆ. ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿತು. ಆದರೆ ಕೆಲಸ ಕೊಡುವವರಿಗೆ ನಮ್ಮ ಅಸಲಿ ಹೊಲೋಗ್ರಾಮ್ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಹೊಳೆಯುವ ದುಂಡನೆಯ ಸ್ಟಿಕರ್ ಕಂಡರೆ ಅವರಿಗೆ ಸಾಕು, ಅಂಥದ್ದು ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಅಸಲಿ ನೋಡಿರದವರ ಮುಂದೆ ನಕಲಿಯೂ ಅಸಲಿಯೇ. ಯುವಿ ಶಾಯಿಯದ್ದೂ ಅದೇ ಗತಿ: ಶೋರೂಮ್ ಮ್ಯಾನೇಜರ್ ಮೇಜಿನ ಮೇಲೆ ಯುವಿ ದೀಪ ಎಲ್ಲಿಂದ ಬರಬೇಕು?

ಆಮೇಲೆ ಡಿಜಿಟಲ್ ಸಹಿ. ಜಿಎಸ್‌ಟಿ ಕೆಲಸಕ್ಕೆಂದು ಡಿಎಸ್‌ಸಿ ಟೋಕನ್ ಹೇಗೂ ಇತ್ತು, ಪಿಡಿಎಫ್‌ಗೆ ಸಹಿ ಮಾಡಿ ಕಳಿಸಿದೆ. ತಾಂತ್ರಿಕವಾಗಿ ಗಟ್ಟಿ ವಿಧಾನ ಇದು, ಒಂದಕ್ಷರ ತಿದ್ದಿದರೂ ಸಹಿ ಮುರಿಯುತ್ತದೆ. ಆದರೆ ಅನೇಕ ಕಂಪ್ಯೂಟರ್‌ಗಳಲ್ಲಿ ಹಸಿರು ಟಿಕ್ ಬರುವ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬಂದು `Validity unknown` ಎನ್ನುತ್ತಿತ್ತು. ಆ ಸಹಿಯ ಮೂಲ ಪ್ರಮಾಣಪತ್ರವನ್ನು ಆ ಕಂಪ್ಯೂಟರ್ ನಂಬುವಂತೆ ಸೆಟ್ಟಿಂಗ್ ಮಾಡಬೇಕು, ಅದನ್ನು ಯಾವ ಹೆಚ್ಆರ್ ಮಾಡುತ್ತಾರೆ? ಅಸಲಿ ಸರ್ಟಿಫಿಕೇಟ್ ನೋಡಿ "ಇದೇನೋ ಡೌಟು" ಎಂದು ನಮಗೇ ಫೋನ್ ಬಂತು. ಅಲ್ಲದೆ ಹುಡುಗರು ಅದನ್ನು ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿಯೇ ಸಂದರ್ಶನಕ್ಕೆ ಒಯ್ಯುವುದು. ಕಾಗದಕ್ಕೆ ಇಳಿದ ಕ್ಷಣ ಸಹಿಗೆ ಬೆಲೆ ಇಲ್ಲ.

ಆಧಾರ್ ಕಾರ್ಡ್‌ನಲ್ಲಿರುವಂತೆ ಕ್ಯುಆರ್ ಒಳಗೇ ವಿವರ ಮತ್ತು ಸಹಿ ತುಂಬುವುದನ್ನೂ ಮಾಡಿ ನೋಡಿದೆ. ಕೆಲಸ ಮಾಡುತ್ತದೆ, ಇಂಟರ್‌ನೆಟ್ ಕೂಡ ಬೇಡ. ಆದರೆ ಸಹಿ ಪರೀಕ್ಷಿಸಲು ನಮ್ಮದೇ ಆ್ಯಪ್ ಬೇಕು. ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತೆಗೆದುಕೊಳ್ಳುವ ಅಂಗಡಿಯವರು ಅದಕ್ಕಾಗಿ ಆ್ಯಪ್ ಹಾಕಿಕೊಳ್ಳುವುದಿಲ್ಲ. ಒಳಗೆ ತುಂಬುವ ಮಾಹಿತಿ ಹೆಚ್ಚಾದಷ್ಟೂ ಕ್ಯುಆರ್‌ನ ಚೌಕಗಳು ಸಣ್ಣದಾಗುತ್ತವೆ, ಜೆರಾಕ್ಸ್ ಮಾಡಿದರೆ ಓದುವುದೂ ಕಷ್ಟ.

ಈಗ ವೆಬ್‌ಸೈಟ್ ವಿಷಯ. ನಮ್ಮಲ್ಲಿ ಬಹಳ ಜನರ ಬಳಿ ಇರುವುದು ಇದೇ: ಸೈಟ್‌ಗೆ ಹೋಗಿ ಸರ್ಟಿಫಿಕೇಟ್ ನಂಬರ್ ಹಾಕಿದರೆ ಹೆಸರು, ಕೋರ್ಸು ಬರುತ್ತದೆ. ನಮ್ಮದೂ ಹಾಗೇ ಇತ್ತು, ನಂಬರ್ ಸಾಲಾಗಿ 1041, 1042, 1043. ಒಂದು ಆಡಿಟರ್ ಆಫೀಸಿನಿಂದ ಫೋನ್ ಬಂತು, "ನಿಮ್ಮ ಮಂಜುನಾಥನಿಗೆ ಜರ್ನಲ್ ವೋಚರ್ರೇ ಹಾಕಕ್ಕೆ ಬರಲ್ವಲ್ಲ ಸರ್" ಎಂದು. ಕರೆಸಿ ನೋಡಿದರೆ ನಾನು ಯಾವತ್ತೂ ಕಂಡಿರದ ಹುಡುಗ. ಸರ್ಟಿಫಿಕೇಟ್ ನಂಬರ್ ಅಸಲಿ, ಸೈಟ್‌ನಲ್ಲಿ ಹೆಸರೂ ಹೊಂದುತ್ತದೆ. ಆಗಿದ್ದು ಇಷ್ಟೆ: ಒಂದೊಂದೇ ನಂಬರ್ ಬದಲಿಸುತ್ತ ಹೋಗಿ ಯಾರೋ ನಮ್ಮ ಇಡೀ ಪಟ್ಟಿಯನ್ನೇ ಇಳಿಸಿಕೊಂಡಿದ್ದರು. ಮಂಜುನಾಥ ಬಂದರೆ ಮಂಜುನಾಥನ ನಂಬರ್, ಲಕ್ಷ್ಮಿ ಬಂದರೆ ಲಕ್ಷ್ಮಿಯ ನಂಬರ್. ನಮ್ಮ ಕಡೆ ಒಂದೇ ಹೆಸರು, ಒಂದೇ ಇನಿಷಿಯಲ್ ಇರುವವರಿಗೆ ಬರವೇ?

ಇದಕ್ಕೆ ಎರಡು ಬದಲಾವಣೆ ಬೇಕಿತ್ತು. ಪಟ್ಟಿ ಯಾರ ಕೈಗೂ ಸಿಗಬಾರದು. ಒಂದು ಕೋಡ್ ಕೈಗೆ ಸಿಕ್ಕರೂ ಅದು ಬೇರೆಯವನಿಗೆ ಉಪಯೋಗಕ್ಕೆ ಬರಬಾರದು.

ಎರಡನೆಯದಕ್ಕೆ ಉತ್ತರ ಫೋಟೊ. ಕೋರ್ಸಿಗೆ ಸೇರುವ ದಿನ ನಮ್ಮ ಕೌಂಟರ್‌ನಲ್ಲೇ ತೆಗೆದ ಫೋಟೊ ಪರಿಶೀಲನೆಯ ಪುಟದಲ್ಲಿ ದೊಡ್ಡದಾಗಿ ಬರುತ್ತದೆ. ಅದರ ಕೆಳಗೆ ಹೆಸರು, ಕೋರ್ಸು, ಬ್ಯಾಚಿನ ತಿಂಗಳು, ಗ್ರೇಡ್. ಸರ್ಟಿಫಿಕೇಟ್‌ನ ಮೇಲೆ ಅಂಟಿಸಿದ ಫೋಟೊ ಬದಲಾಯಿಸಬಹುದು, ನಮ್ಮ ಸೈಟ್‌ನಲ್ಲಿರುವ ಫೋಟೊ ಬದಲಾಯಿಸಲಾಗದು. ಕೋಡನ್ನು ಯಾರು ಬೇಕಾದರೂ ಕಾಪಿ ಮಾಡಿಕೊಳ್ಳಲಿ, ಸ್ಕ್ಯಾನ್ ಮಾಡಿದರೆ ಬರುವುದು ಅಸಲಿ ಹುಡುಗನ ಮುಖ. ಎದುರಿಗೆ ಕೂತವನ ಮುಖ ನೋಡಲು ಯಾವ ತರಬೇತಿಯೂ ಬೇಡ. ಲಾಗಿನ್ ಇಲ್ಲ, ಕ್ಯಾಪ್ಚಾ ಇಲ್ಲ, ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಫೋನ್ ನಂಬರ್, ಹುಟ್ಟಿದ ದಿನ, ವಿಳಾಸ ಪುಟದಲ್ಲಿ ಹಾಕುವುದಿಲ್ಲ. ಫೋಟೊ ಹಾಕಲು ಅಡ್ಮಿಷನ್ ಫಾರ್ಮ್‌ನಲ್ಲೇ ಒಪ್ಪಿಗೆ ಸಹಿ ತೆಗೆದುಕೊಳ್ಳುತ್ತೇವೆ, ಪುಟಗಳು ಗೂಗಲ್ ಹುಡುಕಾಟದಲ್ಲಿ ಬರದಂತೆ `noindex` ಹಾಕಿದ್ದೇವೆ.

ಮೊದಲನೆಯದಕ್ಕೆ, ಸಾಲು ನಂಬರ್ ಬಿಟ್ಟು ಹತ್ತು ಅಕ್ಷರದ ಯಾದೃಚ್ಛಿಕ ಕೋಡ್:

```python
import secrets
A = "0123456789ABCDEFGHJKMNPQRSTVWXYZ"
code = "SK" + "".join(secrets.choice(A) for _ in range(10))
```

`I`, `L`, `O`, `U` ಇದರಲ್ಲಿಲ್ಲ. ಯಾರಾದರೂ `O` ಒತ್ತಿದರೆ ಸೈಟ್ ಅದನ್ನು `0` ಎಂದೂ, `I` ಅಥವಾ `L` ಒತ್ತಿದರೆ `1` ಎಂದೂ ಓದಿಕೊಳ್ಳುತ್ತದೆ. 32 ಅಕ್ಷರ, ಹತ್ತು ಸ್ಥಾನ ಎಂದರೆ ಸಾವಿರ ಲಕ್ಷ ಕೋಟಿಗೂ ಹೆಚ್ಚು ಕೋಡ್‌ಗಳು. ನಾವು ಇದುವರೆಗೆ ಕೊಟ್ಟಿರುವುದು ಹತ್ತಿರ ಹತ್ತಿರ ಆರು ಸಾವಿರ. ಊಹಿಸಿ ಒತ್ತುತ್ತ ಕೂತರೆ ಸುಮಾರು 19,000 ಕೋಟಿ ಊಹೆಗೆ ಒಂದು ತಗಲಬಹುದು.

ಮುಂದಿನ `SK` ಅಂದಕ್ಕೆ ಹಾಕಿದ್ದಲ್ಲ. ಅದಿಲ್ಲದೆ ಎಕ್ಸೆಲ್‌ನಲ್ಲಿಟ್ಟಾಗ `4821073E52` ಎಂಬ ಕೋಡ್ `4.82E+58` ಆಗಿ ಕೂತಿತ್ತು. ನಡುವೆ ಒಂದು `E`, ಉಳಿದದ್ದೆಲ್ಲ ಅಂಕಿ ಬಂದರೆ ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಎಂದುಕೊಳ್ಳುತ್ತದೆ, ಮೂಲ ಕೋಡ್ ಮತ್ತೆ ಸಿಗುವುದಿಲ್ಲ. ಮುಂದೆ ಎರಡು ಅಕ್ಷರ ಇದ್ದರೆ ಆ ಕಾಟ ಇಲ್ಲ. ಕೋಡ್‌ನ ಕೊನೆಗೆ, ಉಳಿದ ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆದ ಒಂದು ತಾಳೆ ಅಕ್ಷರವನ್ನೂ ಸೇರಿಸಿದ್ದೇನೆ. ಟೈಪಿಂಗ್ ತಪ್ಪಾದರೆ "ಕೋಡ್ ತಪ್ಪಾಗಿದೆ, ಮತ್ತೊಮ್ಮೆ ನೋಡಿ" ಎಂದು ಬರುತ್ತದೆ. ತಾಳೆ ಸರಿಯಿದ್ದು ದಾಖಲೆ ಇಲ್ಲದಿದ್ದರೆ "ಈ ಸರ್ಟಿಫಿಕೇಟ್ ನಾವು ಕೊಟ್ಟಿಲ್ಲ" ಎಂದು ಕೆಂಪಕ್ಷರದಲ್ಲಿ, ನಮ್ಮ ಆಫೀಸಿನ ನಂಬರ್ ಸಮೇತ ಬರುತ್ತದೆ. ಇವೆರಡೂ ಬೇರೆ ಬೇರೆ ಇರಲೇಬೇಕು. ಇಲ್ಲದಿದ್ದರೆ ಬೆರಳು ಜಾರಿದ್ದಕ್ಕೆ ಒಳ್ಳೆಯ ಹುಡುಗಿಯ ಕೆಲಸ ಹೋಗುತ್ತದೆ.

ಕ್ಯುಆರ್‌ಗೆ ಮೊದಲು ಒಂದು ಆನ್‌ಲೈನ್ ಸೇವೆ ಬಳಸಿದ್ದೆ. ಅವರ ಕೊಂಡಿಯ ಮೂಲಕ ನಮ್ಮ ಪುಟಕ್ಕೆ ತಿರುಗಿಸುವ ಬಗೆಯದು. ಆರು ತಿಂಗಳಾದ ಮೇಲೆ ತಿಂಗಳಿಗೆ ಎಂಟುನೂರು ಚಿಲ್ಲರೆ ಕಟ್ಟಿ, ಇಲ್ಲದಿದ್ದರೆ ಕೋಡ್ ನಿಲ್ಲುತ್ತದೆ ಎಂದರು. ಮುನ್ನೂರಕ್ಕೂ ಹೆಚ್ಚು ಸರ್ಟಿಫಿಕೇಟ್ ಹೊಸದಾಗಿ ಮುದ್ರಿಸಿ ಹಂಚಿದೆ, ಅವರಿಗೆ ಕಾಸು ಕಟ್ಟಲಿಲ್ಲ. ನಮ್ಮ ಡೊಮೇನ್‌ನ ವಿಳಾಸವನ್ನೇ ನೇರವಾಗಿ ಕ್ಯುಆರ್ ಮಾಡಿದರೆ ಡೊಮೇನ್ ಇರುವವರೆಗೆ ಅದು ನಿಲ್ಲುವುದಿಲ್ಲ, ಬೇರೆ ಖರ್ಚೂ ಇಲ್ಲ.

ಇನ್ನೊಂದು ಸಣ್ಣ ಲಾಭ ಹೇಳುತ್ತೇನೆ. ವಿಳಾಸವನ್ನು ಪೂರ್ತಿ ದೊಡ್ಡಕ್ಷರದಲ್ಲಿ, ಅಂದರೆ `HTTPS://` ಎಂದೇ ಶುರು ಮಾಡಿ ಕೊಟ್ಟರೆ ಕ್ಯುಆರ್ ಕಡಿಮೆ ಜಾಗ ಹಿಡಿಯುವ ಬಗೆಯಲ್ಲಿ ಬರೆದುಕೊಳ್ಳುತ್ತದೆ. ನಮ್ಮದು 29 ಚೌಕದ್ದು 25 ಚೌಕಕ್ಕೆ ಇಳಿಯಿತು. ಎರಡೂವರೆ ಸೆಂಟಿಮೀಟರ್ ಅಗಲದಲ್ಲಿ ಮುದ್ರಿಸಿದರೆ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿದ್ದರೂ, ಜೆರಾಕ್ಸ್‌ನ ಜೆರಾಕ್ಸ್ ಆದರೂ ಹಳೇ ಫೋನ್ ಓದುತ್ತದೆ. ಡೊಮೇನ್ ಆದ ಮೇಲೆ ಬರುವ ಭಾಗವನ್ನು ಮಾತ್ರ ನಿಮ್ಮ ಸರ್ವರ್ ದೊಡ್ಡಕ್ಷರದಲ್ಲೂ ಒಪ್ಪುತ್ತದೆಯೇ ನೋಡಿಕೊಳ್ಳಿ.

ಫೋಟೊ ಬಂದ ಮೇಲೆ ನಕಲಿಯವರೂ ಸುಮ್ಮನಿರಲಿಲ್ಲ. ನಮ್ಮ ಹೆಸರಿನಲ್ಲಿ ಒಂದಕ್ಷರ ಹೆಚ್ಚಿಸಿದ ಡೊಮೇನ್ ಕೊಂಡು, ನಮ್ಮ ಪುಟದಂತೆಯೇ ಪುಟ ಮಾಡಿ, ಅದಕ್ಕೆ ಹೋಗುವ ಕ್ಯುಆರ್ ಹಾಕಿದ ಸರ್ಟಿಫಿಕೇಟ್ ಒಂದು ಆಫೀಸಿಗೆ ಬಂತು. ಸ್ಕ್ಯಾನ್ ಮಾಡಿದರೆ ಹಸಿರು ಟಿಕ್, ಅದನ್ನು ತಂದ ಹುಡುಗನದೇ ಫೋಟೊ. ಇದು ನಿಜವಾದ ಅಪಾಯ, ಕ್ಯುಆರ್ ಕರೆದೊಯ್ಯುವ ಪುಟವೊಂದನ್ನೇ ನಂಬಿದ ಯಾವ ವ್ಯವಸ್ಥೆಗೂ ಇದರಿಂದ ರಕ್ಷಣೆ ಇಲ್ಲ. ಅದು ಸಿಕ್ಕಿಬಿದ್ದದ್ದು ಹೀಗೆ: ವರ್ಷಕ್ಕೊಮ್ಮೆ ನಮ್ಮಲ್ಲಿ ಜನ ತೆಗೆದುಕೊಳ್ಳುವ ಸಂಸ್ಥೆಗಳಿಗೆಲ್ಲ ನಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕಳಿಸುತ್ತೇನೆ. "ಸರ್ಟಿಫಿಕೇಟ್‌ನಲ್ಲಿರುವ ವಿಳಾಸ ನಂಬಬೇಡಿ, ಈ ಪತ್ರದಲ್ಲಿರುವ ವಿಳಾಸವನ್ನು ನೀವೇ ಟೈಪ್ ಮಾಡಿ, ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ, ಅಲ್ಲಿ ಕೋಡ್ ಹಾಕಿ" ಎಂದು. ಆ ಆಫೀಸಿನ ಹೆಣ್ಣುಮಗಳು ಬುಕ್‌ಮಾರ್ಕ್‌ನಲ್ಲೇ ಹಾಕಿದರು, ಕೆಂಪಕ್ಷರ ಬಂತು, ನಮಗೆ ಫೋನ್ ಮಾಡಿದರು. ಪತ್ರ ಸಿಗದವರಿಗಾಗಿ ಗೂಗಲ್ ಮ್ಯಾಪ್‌ನಲ್ಲಿರುವ ನಮ್ಮ ಪ್ರೊಫೈಲ್‌ನಲ್ಲೂ ಅದೇ ವಿಳಾಸ ಇದೆ. ಅಂಚೆ, ಮುದ್ರಣ ಸೇರಿ ವರ್ಷಕ್ಕೆ ಮೂರು ಸಾವಿರದ ಒಳಗೆ ಆಗುತ್ತದೆ, ನಾನು ಮಾಡಿದ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಅಸಲಿ ಪುಟದಲ್ಲಿ ಇನ್ನೊಂದು ಗುರುತೂ ಇದೆ, ಪತ್ರ ಹೋದವರಿಗೆ ಮಾತ್ರ ಗೊತ್ತು. ಅದೇನೆಂದು ಇಲ್ಲಿ ಬರೆಯುವುದಿಲ್ಲ.

ಹೊರಗಿನವನಿಗಿಂತ ಒಳಗಿನವನ ದಾರಿ ಹತ್ತಿರದ್ದು. ಕೌಂಟರ್‌ನಲ್ಲಿರುವವರಿಗೆ ಯಾರಾದರೂ ಐದು ಸಾವಿರ ಕೊಟ್ಟು ಒಂದು ದಾಖಲೆ ಸೇರಿಸಿಸಿದರೆ ಅದು ನಕಲಿಯೇ ಅಲ್ಲ, ನಮ್ಮದೇ ಸೈಟ್‌ನಲ್ಲಿ ಅಸಲಿಯಾಗಿ ನಿಲ್ಲುತ್ತದೆ. ಆದ್ದರಿಂದ ಪುಟ ಏರಿಸುವ ಪಾಸ್‌ವರ್ಡ್ ನನ್ನ ಬಳಿ ಮಾತ್ರ. ಫೀ ರಸೀದಿ ನಂಬರ್, ಹಾಜರಾತಿ, ಪರೀಕ್ಷೆಯ ಪೇಪರ್ ಮೂರೂ ಒಂದೇ ಹೆಸರಿಗೆ ಹೊಂದದೆ ಕೋಡ್ ಹುಟ್ಟುವುದಿಲ್ಲ. ತಿಂಗಳ ಕೊನೆಗೆ ಸೈಟ್‌ನಲ್ಲಿರುವ ಪುಟಗಳ ಲೆಕ್ಕ ಮತ್ತು ರಿಜಿಸ್ಟರ್‌ನ ಲೆಕ್ಕ ತಾಳೆ ನೋಡುತ್ತೇನೆ. ಲೆಕ್ಕಪತ್ರ ಕಲಿಸುವವರಿಗೆ ಅದು ಹತ್ತು ನಿಮಿಷದ ಕೆಲಸ.

ಸೈಟ್ ಸರಳ. ಒಂದು ಸರ್ಟಿಫಿಕೇಟ್‌ಗೆ ಒಂದು ಎಚ್‌ಟಿಎಂಎಲ್ ಫೈಲ್, ಅದರ ಹೆಸರೇ ಕೋಡ್. ಡೇಟಾಬೇಸ್ ಇಲ್ಲ, ಹ್ಯಾಕ್ ಮಾಡಲು ಅಲ್ಲಿ ಹೆಚ್ಚೇನೂ ಇಲ್ಲ. ಫೋಲ್ಡರ್ ಪಟ್ಟಿ ಕಾಣದಂತೆ ಸೆಟ್ಟಿಂಗ್ ಮುಚ್ಚಿರಬೇಕು ಅಷ್ಟೆ, ಅದು ತೆರೆದಿದ್ದರೆ ಯಾದೃಚ್ಛಿಕ ಕೋಡ್ ಮಾಡಿದ ಶ್ರಮವೆಲ್ಲ ಹೋಯಿತು. ಹೋಸ್ಟಿಂಗ್‌ಗೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು, `.in` ಡೊಮೇನ್‌ಗೆ ವರ್ಷಕ್ಕೆ ಎಂಟುನೂರರಿಂದ ಸಾವಿರ. ಡೊಮೇನನ್ನು ಮಾತ್ರ ಒಂದೇ ಸಲ ಹತ್ತು ವರ್ಷಕ್ಕೆ ಕಟ್ಟಿದ್ದೇನೆ, ಅದಕ್ಕಿಂತ ಹೆಚ್ಚು ಕಟ್ಟಲು ಬಿಡುವುದಿಲ್ಲ. ನವೀಕರಿಸುವುದು ತಪ್ಪಿ ಅದು ಬೇರೆಯವರ ಪಾಲಾದರೆ ಹೊರಗಿರುವ ಆರು ಸಾವಿರ ಸರ್ಟಿಫಿಕೇಟ್‌ಗಳ ಕ್ಯುಆರ್ ಅವರು ಹೇಳಿದಂತೆ ಹೇಳುತ್ತದೆ. ಹಳೆ ಸಾಲು ನಂಬರಿನ ಸರ್ಟಿಫಿಕೇಟ್ ಇರುವವರು ಅದನ್ನು ತಂದು ಕೊಟ್ಟು, ಕೌಂಟರ್‌ನಲ್ಲಿ ಫೋಟೊ ತೆಗೆಸಿಕೊಂಡು, ನೂರು ರೂಪಾಯಿ ಕಟ್ಟಿದರೆ ಹೊಸದು ಕೊಡುತ್ತೇವೆ. ಅರ್ಧಕ್ಕೂ ಹೆಚ್ಚು ಜನ ಬಂದು ಬದಲಾಯಿಸಿಕೊಂಡಿದ್ದಾರೆ. ಉಳಿದವರ ನಂಬರ್ ಹಾಕಿದರೆ ಈಗ ಹೆಸರು ಬರುವುದಿಲ್ಲ, ಆಫೀಸಿಗೆ ಫೋನ್ ಮಾಡಿ ಎಂದಷ್ಟೇ ಬರುತ್ತದೆ.