ಪ್ರೀತಿಯ ಸ್ಪ್ರೆಡ್‌ನಲ್ಲಿ ‘ಸಲಹೆ’ ಮತ್ತು ‘ಬೇಡ’: ಎರಡು ಕಾರ್ಡ್‌ಗಳಿಂದ ಒಂದು ಹೆಜ್ಜೆ

ಪ್ರೀತಿಯ ವಿಷಯಕ್ಕೆ ಟ್ಯಾರೋ ಎಂಬ ಚಿತ್ರದ ಕಾರ್ಡ್‌ಗಳನ್ನು ಹರಡಿ ಓದುವವರಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ‘ಎದುರಿನವರ ಮನಸ್ಸು’ ಎಂಬ ಜಾಗಕ್ಕೆ. ಅಲ್ಲಿ ಬಿದ್ದ ಕಾರ್ಡನ್ನು ಅರ್ಧ ಗಂಟೆ ಹಿಂಜಿ, ಕೊನೆಯ ಎರಡು ಕಾರ್ಡ್‌ಗಳನ್ನು ಎರಡು ನಿಮಿಷದಲ್ಲಿ ಮುಗಿಸಿ ಎದ್ದುಬಿಡುತ್ತಾರೆ. ಆದರೆ ಐದು ಕಾರ್ಡ್‌ಗಳ ಸಾಮಾನ್ಯ ಸ್ಪ್ರೆಡ್‌ನಲ್ಲಿ, ಅಂದರೆ ನಾನು, ಎದುರಿನವರು, ನಮ್ಮಿಬ್ಬರ ನಡುವೆ ಇರುವುದು, ಸಲಹೆ, ಬೇಡವಾದದ್ದು ಎಂಬ ಜಾಗಗಳಿಗೆ ಒಂದೊಂದು ಕಾರ್ಡ್ ಇಡುವ ಕ್ರಮದಲ್ಲಿ, ಕೇಳುವವರ ಕೈಯಲ್ಲಿರುವ ವಿಷಯವನ್ನು ಹೇಳುವುದು ಕೊನೆಯ ಆ ಎರಡೇ. ಅವುಗಳನ್ನು ಜೋಡಿಯಾಗಿ ಓದಿ, ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸಕ್ಕೆ ಇಳಿಸುವುದು ಹೇಗೆಂದು ಇಲ್ಲಿ ನೋಡೋಣ.

ಕೆಲಸ ಶುರುವಾಗುವುದು ಕಾರ್ಡ್ ಕಲೆಸುವುದಕ್ಕೂ ಮುಂಚೆ. ‘ಅವನಿಗೆ ನಾನು ಇನ್ನೂ ಬೇಕೇ?’ ಎಂದು ಕೇಳಿದರೆ ಸಲಹೆಯ ಜಾಗಕ್ಕೆ ಮಾಡಲು ಕೆಲಸವೇ ಇರುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬುದಷ್ಟೇ ಉತ್ತರ. ‘ಮುಂದಿನ ಹತ್ತು ದಿನಗಳಲ್ಲಿ ಈ ಸಂಬಂಧದ ವಿಷಯದಲ್ಲಿ ನಾನು ಏನು ಮಾಡಬೇಕು?’ ಎಂದು ಕೇಳುವುದು ಸರಿ. ಇದರ ಜೊತೆಗೆ ಇನ್ನೆರಡು ಮಾತುಗಳನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ‘ಬೇಡ’ ಎಂಬ ಜಾಗ ನನ್ನ ನಡತೆಯನ್ನು ಕುರಿತದ್ದೇ ಹೊರತು ದೂರ ಇಡಬೇಕಾದ ಮನುಷ್ಯರನ್ನಾಗಲಿ, ಮುಂದೆ ಒದಗಲಿರುವ ಕಂಟಕವನ್ನಾಗಲಿ ಕುರಿತದ್ದಲ್ಲ. ಎರಡನೆಯದು ತಲೆಕೆಳಗಾದ ಕಾರ್ಡ್‌ನ ವಿಚಾರ. ಅಂಥ ಕಾರ್ಡನ್ನು ಹಲವರು ಮಗುಚಿದ ಅರ್ಥದಲ್ಲಿ ಓದುತ್ತಾರೆ. ‘ಬೇಡ’ದ ಜಾಗದಲ್ಲಿ ಕಾರ್ಡ್ ತಲೆಕೆಳಗಾಗಿ ಬಿದ್ದರೆ ಅರ್ಥ ಎರಡು ಸಲ ಮಗುಚಿ, ಓದುವವರು ತಮಗೆ ಬೇಕಾದ ಕಡೆಗೆ ಜಾರಿಕೊಳ್ಳಲು ದಾರಿಯಾಗುತ್ತದೆ. ಹಾಗಾಗಿ ನಾನು ಈ ಎರಡು ಜಾಗಗಳಲ್ಲಿ ಎಲ್ಲ ಕಾರ್ಡ್‌ಗಳನ್ನೂ ನೇರವಾಗಿಯೇ ಓದುತ್ತೇನೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೂರು ತಿಂಗಳಿಂದ ಒಬ್ಬರೊಡನೆ ಒಡನಾಟದಲ್ಲಿರುವ ಯುವತಿಯೊಬ್ಬಳು ಬಂದಿದ್ದಳು. ಕಳೆದ ಎರಡು ವಾರಗಳಿಂದ ಆತನ ಮೆಸೇಜುಗಳು ವಿರಳವಾಗಿದ್ದವು, ಭೇಟಿ ಎರಡು ಸಲ ಮುಂದೂಡಿಹೋಗಿತ್ತು. 1909ರಲ್ಲಿ ಮೊದಲು ಪ್ರಕಟವಾದ ರೈಡರ್–ವೇಟ್ ಎಂಬ ಟ್ಯಾರೋ ಡೆಕ್ಕಿನಿಂದ ತೆಗೆದಾಗ ಅವಳ ಜಾಗಕ್ಕೆ ನೈನ್ ಆಫ್ ಸ್ವೋರ್ಡ್ಸ್, ಆತನ ಜಾಗಕ್ಕೆ ಫೋರ್ ಆಫ್ ಕಪ್ಸ್, ನಡುವಿಗೆ ಟೂ ಆಫ್ ಸ್ವೋರ್ಡ್ಸ್ ಬಂದವು. ಹಾಸಿಗೆಯಲ್ಲಿ ಎದ್ದು ಕುಳಿತು ಮುಖ ಮುಚ್ಚಿಕೊಂಡವಳು, ಮರದ ಕೆಳಗೆ ಕೈಕಟ್ಟಿ ಕುಳಿತವನು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿಗಳನ್ನು ಅಡ್ಡ ಹಿಡಿದವಳು. ಇಬ್ಬರೂ ಬಾಯಿಬಿಡದ ಒಂದು ಸ್ಥಿತಿ ಇದೆ ಎಂದಷ್ಟೇ ಇವುಗಳಿಂದ ತೆಗೆದುಕೊಂಡರೆ ಸಾಕು. ‘ಅವನಿಗೆ ನಾನು ಬೇಸರವಾಗಿದ್ದೇನೆ’ ಎಂದು ಅವಳು ಎರಡನೇ ಕಾರ್ಡ್ ಹಿಡಿದುಕೊಂಡಳು. ಆದರೆ ಆತನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ಆತನನ್ನೇ ಕೇಳಬೇಕು, ಕಾರ್ಡ್ ಅದಕ್ಕೆ ಸಾಕ್ಷಿ ಹೇಳಲಾರದು.

ಸಲಹೆಯ ಜಾಗಕ್ಕೆ ಬಂದದ್ದು ಕ್ವೀನ್ ಆಫ್ ಸ್ವೋರ್ಡ್ಸ್. ಇಲ್ಲಿ ‘ಸ್ಪಷ್ಟತೆ, ಸತ್ಯ, ಸ್ವಾತಂತ್ರ್ಯ’ ಎಂದು ಪುಸ್ತಕದ ಪದಗಳನ್ನು ಜೋಡಿಸಿದರೆ ಸಲಹೆ ಅಲ್ಲಿಗೇ ಆವಿಯಾಗುತ್ತದೆ. ಬದಲಿಗೆ ಚಿತ್ರದಲ್ಲಿರುವವರು ಏನು ಮಾಡುತ್ತಿದ್ದಾರೆ ಎಂದು ನೋಡಿ, ಅದನ್ನು ಕ್ರಿಯಾಪದವಾಗಿ ಹೇಳಬೇಕು. ರಾಣಿ ನೆಟ್ಟಗೆ ಕುಳಿತಿದ್ದಾಳೆ. ಬಲಗೈಯ ಕತ್ತಿ ನೇರವಾಗಿ ಮೇಲಕ್ಕೆ ನಿಂತಿದೆ, ಯಾರ ಕಡೆಗೂ ಬೀಸಿಲ್ಲ. ಎಡಗೈಯನ್ನು ಮುಂದೆ ಚಾಚಿದ್ದಾಳೆ, ‘ಬಾ, ಹೇಳು’ ಎನ್ನುವ ಹಾಗೆ. ಆದ್ದರಿಂದ ಕ್ರಿಯಾಪದ ‘ಕೇಳು’: ಸುತ್ತುಬಳಸದೆ, ದೂರದೆ, ಒಂದೇ ಮಾತಿನಲ್ಲಿ ಕೇಳು.

‘ಬೇಡ’ದ ಜಾಗಕ್ಕೆ ಏಟ್ ಆಫ್ ವಾಂಡ್ಸ್ ಬಂದಾಗ ಅವಳು ಗಲಿಬಿಲಿಗೊಂಡಳು. ವೇಗ, ಸುದ್ದಿ, ಸಂದೇಶಗಳಿಗೆ ಹೆಸರಾದ ಒಳ್ಳೆಯ ಕಾರ್ಡ್ ಅದು. ಬೇಡ ಎಂದರೆ ಸಂದೇಶವನ್ನೇ ಕಳಿಸಬಾರದೇ? ಈ ಜಾಗದಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಒಳ್ಳೆಯ ಕಾರ್ಡ್ ‘ಬೇಡ’ದಲ್ಲಿ ಬಿದ್ದಾಗ ಅದನ್ನು ನಿಷೇಧವೆಂದು ತಿಳಿಯದೆ, ಅಳತೆ ಮೀರಿದರೆ ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದರೆ ಆ ಗುಣ ಹೇಗೆ ಕಾಣುತ್ತದೆ ಎಂದು ನೋಡಬೇಕು. ಆ ಚಿತ್ರದಲ್ಲಿ ಎಂಟು ಕೋಲುಗಳು ಸಾಲುಸಾಲಾಗಿ ಆಕಾಶದಲ್ಲಿ ಹಾರುತ್ತಿವೆ, ಎಸೆದವರೂ ಇಲ್ಲ, ಹಿಡಿಯುವವರೂ ಇಲ್ಲ. ಹಿಂದಿನ ರಾತ್ರಿ ಅವಳು ಹನ್ನೊಂದು ಗಂಟೆಯಿಂದ ಒಂದೇ ಸಮನೆ ಏಳು ಮೆಸೇಜು ಕಳಿಸಿದ್ದಳು ಎಂಬುದು ಆಮೇಲೆ ತಿಳಿಯಿತು. ಇದೇ ರೀತಿ ಇಬ್ಬರ ಒಲವಿಗೆ ಹೆಸರಾದ ಟೂ ಆಫ್ ಕಪ್ಸ್ ಈ ಜಾಗಕ್ಕೆ ಬಂದರೆ ಪ್ರೀತಿ ಬೇಡವೆಂದಲ್ಲ, ಇಷ್ಟು ಬೇಗ ‘ನಾವಿಬ್ಬರೂ’ ಎಂದು ಮಾತು ಕೊಡುವುದು ಬೇಡ ಎಂದು ಓದಬಹುದು. ಭಯ ಹುಟ್ಟಿಸುವ ಡೆತ್ ಕಾರ್ಡ್ ಸಲಹೆಯಲ್ಲಿ ಬಂದರೆ ಸಂಬಂಧ ಕಡಿದುಕೊಳ್ಳಿ ಎಂದೇ ಅರ್ಥವಲ್ಲ. ಒಂದು ಅಭ್ಯಾಸಕ್ಕೆ, ಉದಾಹರಣೆಗೆ ಪ್ರತಿ ಜಗಳದಲ್ಲೂ ಹಳೆಯದನ್ನು ಕೆದಕುವುದಕ್ಕೆ, ಕೊನೆ ಹಾಡಿ ಎಂದಾಗಬಹುದು.

ಈಗ ಎರಡನ್ನೂ ಒಟ್ಟಿಗೆ ಇಡಬೇಕು. ಏನು ಮಾಡಬೇಕೆಂದು ಸಲಹೆ ಹೇಳಿದರೆ, ಎಷ್ಟಕ್ಕೆ ನಿಲ್ಲಿಸಬೇಕೆಂದು ‘ಬೇಡ’ ಹೇಳುತ್ತದೆ. ಇದನ್ನು ಕಾಗದದ ಮೇಲೆ ಒಂದೇ ವಾಕ್ಯವಾಗಿ ಬರೆಯಲು ಅವಳಿಗೆ ಹೇಳಿದೆ. ಮೊದಲು ಬರೆದದ್ದು, ‘ಧೈರ್ಯವಾಗಿ, ಪ್ರಾಮಾಣಿಕವಾಗಿ ಇರುತ್ತೇನೆ.’ ಕೇಳಲು ಚೆನ್ನಾಗಿದೆ, ಆದರೆ ಮಂಗಳವಾರ ಸಂಜೆ ಅದು ಆಯಿತೋ ಇಲ್ಲವೋ ಎಂದು ಹೇಳುವುದು ಹೇಗೆ? ಎರಡನೆಯದು, ‘ಅವನು ಮನಸ್ಸು ಬಿಚ್ಚಿ ಮಾತಾಡುವಂತೆ ಮಾಡುತ್ತೇನೆ.’ ಇದು ಅವಳ ಕೈಯಲ್ಲೇ ಇಲ್ಲ. ಮೂರನೆಯದು ನಿಂತಿತು: ‘ನಾಳೆ ಸಂಜೆಯೊಳಗೆ ಒಂದೇ ಮೆಸೇಜು ಕಳಿಸುತ್ತೇನೆ, ಅದರಲ್ಲಿ ಒಂದೇ ಪ್ರಶ್ನೆ ಇರುತ್ತದೆ, ಭಾನುವಾರದವರೆಗೆ ಇನ್ನೊಂದು ಕಳಿಸುವುದಿಲ್ಲ.’ ವಾಕ್ಯದಲ್ಲಿ ಮಾಡುವವರು ‘ನಾನು’ ಆಗಿರಬೇಕು, ಅದು ಒಂದು ವಾರದೊಳಗೆ ಮುಗಿಯಬೇಕು, ಆಯಿತೋ ಇಲ್ಲವೋ ಎಂದು ಬೇರೆಯವರು ನೋಡಿದರೂ ಹೇಳಬಲ್ಲಂತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಬರೆಯುವುದೇ ಲೇಸು.

ಮೆಸೇಜನ್ನೂ ಅಲ್ಲಿಯೇ ಬರೆದಳು: ‘ಎರಡು ವಾರಗಳಿಂದ ನಮ್ಮ ಮಾತು ಕಡಿಮೆಯಾಗಿದೆ ಅನ್ನಿಸುತ್ತಿದೆ. ಇದರ ಬಗ್ಗೆ ಈ ವಾರ ಒಂದು ಸಲ ಕೂತು ಮಾತಾಡೋಣವೇ?’ ಅದಕ್ಕೆ ‘ನಿನಗೆ ನಾನು ಬೇಡವಾದರೆ ಹೇಳಿಬಿಡು’ ಎಂದು ಸೇರಿಸಿದ್ದನ್ನು ಅವಳೇ ಹೊಡೆದುಹಾಕಿದಳು. ರಾಣಿಯ ಕತ್ತಿ ಬೀಸುವ ಕತ್ತಿಯಲ್ಲವಲ್ಲ.

ಸಲಹೆ ಮತ್ತು ‘ಬೇಡ’ ಎರಡೂ ಒಂದೇ ಮಾತು ಹೇಳುವಂತೆ ತೋರಿದರೆ, ಉದಾಹರಣೆಗೆ ಎರಡೂ ಕಪ್ಸ್ ಗುಂಪಿನ ಕಾರ್ಡ್‌ಗಳಾದರೆ, ಎರಡು ಚಿತ್ರಗಳಲ್ಲಿರುವವರ ವ್ಯತ್ಯಾಸ ಹುಡುಕಿ. ಪೇಜ್ ಆಫ್ ಕಪ್ಸ್ ನಿಂತು ಬಟ್ಟಲಿನಲ್ಲಿರುವ ಮೀನನ್ನು ಕುತೂಹಲದಿಂದ ನೋಡುತ್ತಾನೆ, ನೈಟ್ ಆಫ್ ಕಪ್ಸ್ ಕುದುರೆಯೇರಿ ಬಟ್ಟಲನ್ನು ಹಿಡಿದು ಸಾಗುತ್ತಾನೆ. ಒಬ್ಬ ಕೇಳಿಸಿಕೊಳ್ಳುವವನು, ಇನ್ನೊಬ್ಬ ನಿವೇದಿಸಿಕೊಳ್ಳುವವನು. ಅರ್ಥವಾಗಲಿಲ್ಲವೆಂದು ಮೇಲಿಂದ ಮೇಲೆ ಕಾರ್ಡ್ ಎಳೆಯಬಾರದು. ಒಂದು ಸಾಕು, ಅದೂ ಸಲಹೆಯ ಮೇಲೆ ಮಾತ್ರ. ಮೂರನೆಯದನ್ನು ಎಳೆಯುತ್ತಿದ್ದೀರಿ ಎಂದರೆ ಮೊದಲನೆಯದು ಅರ್ಥವಾಗಿದೆ, ಇಷ್ಟವಾಗಿಲ್ಲ ಎಂದು ತಿಳಿಯಬಹುದು.

ಎದುರಿನವರ ಬಗ್ಗೆ ಹೆದರಿಕೆ, ಹೊಡೆತ, ಬೆದರಿಕೆಗಳ ಮಾತು ಬಂದ ಕಡೆ ಈ ಕ್ರಮ ನಡೆಯದು. ಅಂಥಲ್ಲಿ ನಾನು ಕಾರ್ಡ್ ಮಡಚಿಟ್ಟು, ನಂಬಿಕೆಯವರ ನೆರವು ಪಡೆಯುವ ಮಾತನ್ನೇ ಆಡುತ್ತೇನೆ.

ವಾಕ್ಯದ ಅವಧಿ ಮುಗಿಯುವವರೆಗೆ ಅದೇ ಪ್ರಶ್ನೆಗೆ ಮತ್ತೆ ಹರಡಬಾರದು. ಆ ಯುವತಿಗೆ ಶುಕ್ರವಾರ ಉತ್ತರ ಬಂತು: ಮನೆಯಲ್ಲಿ ತೊಂದರೆಯಿದೆ, ಭಾನುವಾರ ಸಿಗುತ್ತೇನೆ ಎಂದು. ‘ಇದು ನಿಜವೋ ನೆಪವೋ, ಒಂದು ಕಾರ್ಡ್ ತೆಗೆಯಿರಿ’ ಎಂದು ಅವಳು ಫೋನ್ ಮಾಡಿದಾಗ ನಾನು ತೆಗೆಯಲಿಲ್ಲ. ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು.