ಚರ್ಮ ಕಾಣುವವರೆಗೆ

ಆರ್ಥೋ ಕ್ಯಾಶುವಾಲ್ಟಿಯಲ್ಲಿ ನನ್ನ ಮೊದಲ ನೈಟ್ ಡ್ಯೂಟಿ. ರಾತ್ರಿ ಒಂಬತ್ತಕ್ಕೆ ಆರು ವರ್ಷದ ಒಬ್ಬ ಹುಡುಗನನ್ನು ಅವನ ತಾಯಿ ಎತ್ತಿಕೊಂಡು ಬಂದರು. ಸಂಜೆ ಏಳರ ಸುಮಾರಿಗೆ ಜಾರುಬಂಡೆಯ ಮೇಲಿಂದ ಎಡಗೈ ಊರಿಕೊಂಡು ಬಿದ್ದಿದ್ದ. ಮುಂಗೈ ನಡುವೆ ಬಾಗಿದ್ದು ಬಾಗಿಲಿಂದಲೇ ಕಾಣುತ್ತಿತ್ತು. ಓದಿದ್ದೆಲ್ಲ ಒಟ್ಟಿಗೆ ನೆನಪಾಗಿ ಯಾವುದನ್ನೂ ಮೊದಲು ಮಾಡಲಾಗದೆ ನಿಂತಿದ್ದೆ. ಸಿಸ್ಟರ್ ತೂಕದ ಯಂತ್ರ ತಂದಿಟ್ಟರು. "ಡಾಕ್ಟ್ರೇ, ಮೊದಲು ತೂಕ. ಆಮೇಲೆ ಉಳಿದಿದ್ದು." 20 ಕಿಲೋ. ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ 300 ಮಿ.ಗ್ರಾಂ ಪ್ಯಾರಾಸಿಟಮಾಲ್ ಡ್ರಿಪ್‌ನಲ್ಲಿ ಹೋಯಿತು. ಸಮಯ 9.15 ಎಂದು ಕೇಸ್ ಶೀಟಿನಲ್ಲಿ ಬರೆದೆ. ಈ ಸಮಯ ಬರೆದಿಟ್ಟದ್ದು ಎಷ್ಟು ಉಪಯೋಗಕ್ಕೆ ಬಂತೆಂದು ಬೆಳಗಿನ ಜಾವ ಗೊತ್ತಾಯಿತು.

ಕೈಯನ್ನು ಸುತ್ತಲೂ ನೋಡಿದೆ. ಎಲ್ಲೂ ಗಾಯವಿರಲಿಲ್ಲ, ಸೂಜಿ ಚುಚ್ಚಿದಷ್ಟು ರಕ್ತದ ಚುಕ್ಕೆಯೂ ಇರಲಿಲ್ಲ. ಅಷ್ಟು ಚಿಕ್ಕ ಚುಕ್ಕೆ ಇದ್ದಿದ್ದರೂ ಒಳಗಿನ ಮೂಳೆ ಹೊರಗಿಣುಕಿ ಹೋಗಿದೆ ಎಂದೇ ಹಿಡಿಯಬೇಕಿತ್ತು. ಬೆರಳಿನಲ್ಲಿದ್ದ ಆಟಿಕೆಯ ಉಂಗುರವನ್ನು ಊತ ಏರುವ ಮುಂಚೆ ತೆಗೆಸಿದೆ. ನರಗಳ ಪರೀಕ್ಷೆ ಮಾತ್ರ ಆಟವಾಡಿಕೊಂಡೇ ಮುಗಿಯಿತು. "ಕಲ್ಲು ಮಾಡು ಪುಟ್ಟ. ಈಗ ಕಾಗದ. ಈಗ ಕತ್ತರಿ." ಮುಷ್ಟಿಗೆ ಮೀಡಿಯನ್ ನರ ಬೇಕು, ಅಂಗೈ ಬಿಡಿಸಲು ರೇಡಿಯಲ್, ಕತ್ತರಿಗೆ ಅಲ್ನಾರ್. ಕೊನೆಗೆ ಹೆಬ್ಬೆರಳಿಗೂ ತೋರುಬೆರಳಿಗೂ ತುದಿ ಸೇರಿಸಿ ಸೊನ್ನೆ ಮಾಡಿಸಬೇಕು. ಮೀಡಿಯನ್ ನರದ ಒಳಗಿನ ಕವಲು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಅದರಿಂದ. ಅಳುತ್ತಲೇ ನಾಲ್ಕನ್ನೂ ಮಾಡಿದ. ಕತ್ತರಿ ಮಾಡುವಾಗ ನನ್ನನ್ನು ಸೋಲಿಸಿದೆ ಅಂತ ಒಂದು ಕ್ಷಣ ಅಳು ನಿಲ್ಲಿಸಿದ್ದ.

ಸ್ಪ್ಲಿಂಟ್ ಕಟ್ಟಿಯೇ ಎಕ್ಸ್-ರೇಗೆ ಕಳಿಸಿದೆ. ಮೊದಲ ಫಿಲ್ಮಿನಲ್ಲಿ ಮೊಣಕೈ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಪಿಜಿ ಸರ್ ಅದನ್ನು ದೀಪಕ್ಕೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಮೊಣಕೈ ಎಲ್ಲಮ್ಮಾ? ಮುಂಗೈ ಮುರಿದವನಿಗೆ ಮೇಲಿನ ಕೀಲೂ ಕೆಳಗಿನ ಕೀಲೂ ಎರಡೂ ಬೇಕು. ಮುಂಗೈಯ ಎರಡು ಮೂಳೆಗಳಲ್ಲಿ ಅಲ್ನಾ ಮುರಿದು ರೇಡಿಯಸ್‌ನ ತಲೆ ಮೊಣಕೈಯಲ್ಲಿ ಜಾರಿರುತ್ತೆ, ಎಲ್ಲರೂ ಮುರಿದ ಜಾಗ ನೋಡಿಕೊಂಡು ಕೂತಿರ್ತಾರೆ." ಎರಡನೇ ಫಿಲ್ಮಿನಲ್ಲಿ ಅವರ ಪೆನ್ನು ರೇಡಿಯಸ್‌ನ ಉದ್ದಕ್ಕೂ ಗೆರೆ ಎಳೆದಂತೆ ಸಾಗಿ, ತೋಳಿನ ಮೂಳೆಯ ಕೆಳತುದಿಯ ಗುಂಡನೆಯ ಭಾಗವಾದ ಕ್ಯಾಪಿಟೆಲ್ಲಮ್‌ನ ನಡುವೆ ಹಾದುಹೋಯಿತು. ಅಡ್ಡ ನೋಟದಲ್ಲೂ ಹಾಗೇ. ಮೊಣಕೈ ಸರಿಯಿದೆ ಎಂದಾಯಿತು. ಮುರಿದದ್ದು ಎರಡೂ ಮೂಳೆಗಳ ನಡುಭಾಗದಲ್ಲಿ. ಹಸಿ ಕಡ್ಡಿ ಬಗ್ಗಿಸಿದಾಗ ಒಂದು ಕಡೆ ಸಿಗಿದು ಇನ್ನೊಂದು ಕಡೆ ಅಂಟಿಕೊಂಡೇ ಇರುವಂಥ ಮುರಿತ. ಬಾಗಿದ್ದು ಸುಮಾರು 25 ಡಿಗ್ರಿ, ಬೆಳೆಯುವ ಮೂಳೆ ತಾನೇ ತಿದ್ದಿಕೊಳ್ಳಲಿ ಎಂದು ಬಿಡುವಂಥದ್ದಲ್ಲ.

ಹೊಟ್ಟೆ ಖಾಲಿ ಇದ್ದದ್ದು ನಮ್ಮ ಅದೃಷ್ಟ. ಐದು ಗಂಟೆಯಿಂದ ಏನೂ ತಿಂದಿರಲಿಲ್ಲ. ಹನ್ನೊಂದೂವರೆಗೆ ಅರಿವಳಿಕೆ ಡಾಕ್ಟರ್ ಕೆಟಮಿನ್ ಕೊಟ್ಟರು, ಸರ್ ಮೂಳೆ ನೇರ ಮಾಡಿದರು. ನೋಡಲು ಅದು ಅರ್ಧ ನಿಮಿಷದ ಕೆಲಸ. ಕೈಯ ಬೆನ್ನಿನ ಕಡೆ ಪ್ಲಾಸ್ಟರ್ ಸ್ಲ್ಯಾಬ್ ಇಟ್ಟು, ಮುಂಗೈಯನ್ನು ಮೂರು ಕಡೆ ಅಂಗೈಯಿಂದ ಒತ್ತಿ ಹಿಡಿದು ಆಕಾರ ಕೊಡುತ್ತಿದ್ದಾಗ ಥಿಯೇಟರಿನಿಂದ ಕರೆ ಬಂತು. "ಮುಂಗೈವರೆಗೆ ಸುತ್ತಾಗಿದೆ. ಮೊಣಕೈ ಮೇಲಕ್ಕೆ ನೀನು ಸುತ್ತಿ ಮುಗಿಸು" ಅಂತ ಹೊರಟರು.

ತಪ್ಪು ಆದದ್ದು ಅಲ್ಲೇ. ಹತ್ತಿಯ ಪ್ಯಾಡಿಂಗ್ ಸುತ್ತುವಾಗ ಮೊಣಕೈ ಪೂರ್ತಿ ಮಡಚಿರಲಿಲ್ಲ, ಸ್ವಲ್ಪ ಬಿಚ್ಚಿಕೊಂಡೇ ಇತ್ತು. ಸುತ್ತಲು ಸಲೀಸಾಗಿತ್ತು ಎಂಬುದೇ ಕಾರಣ. ಅದರ ಮೇಲೆ ಒದ್ದೆ ಗಾಜ್ ಬ್ಯಾಂಡೇಜ್ ಬಿಗಿಯಾಗಿ, ಅಂದವಾಗಿ, ಒಂದೂ ಸುಕ್ಕಿಲ್ಲದಂತೆ ಎಳೆದೆ. ಆಮೇಲೆ ನೆನಪಾಗಿ ಮೊಣಕೈಯನ್ನು 90 ಡಿಗ್ರಿಗೆ ಮಡಚಿದೆ. ಹೊರಗಡೆಯಿಂದ ನೋಡಿದರೆ ಪುಸ್ತಕದ ಚಿತ್ರದ ಹಾಗಿತ್ತು. ಒಳಗೆ, ಮೊಣಕೈಯ ಮಡಿಕೆಯಲ್ಲಿ, ಹತ್ತಿ ಗಂಟು ಕಟ್ಟಿ ಹಗ್ಗದಂತೆ ನಿಂತಿತ್ತು. ಅದರ ಮೇಲಿನ ಗಾಜ್ ಒಣಗುತ್ತಾ ಇನ್ನಷ್ಟು ಬಿಗಿಯಿತು.

ಒಂದು ಗಂಟೆಗೆ ಪೂರ್ತಿ ಎಚ್ಚರವಾದ, ನೀರು ಕುಡಿದ. ಐಬುಪ್ರೊಫೆನ್ 200 ಮಿ.ಗ್ರಾಂ ಕೊಟ್ಟೆವು, ಕಿಲೋಗೆ 10. ನಿದ್ದೆ ಹೋದ. 2.40ಕ್ಕೆ ಎದ್ದು, "ಅಕ್ಕಾ, ಬಿಗಿ" ಅಂದ. ಬೆರಳು ನೋಡಿದೆ. ಕೆಂಪಗೆ, ಬೆಚ್ಚಗೆ ಇದ್ದವು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್. ರಕ್ತಸಂಚಾರ ಚೆನ್ನಾಗಿದೆ ಎಂದು ಬರೆದು, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟೆ. ಮುರಿದ ಕೈ ನೋಯುವುದು ಸಹಜ ತಾನೇ? 3.15ಕ್ಕೆ ಆರು ಗಂಟೆ ತುಂಬಿತು, ಮತ್ತೆ ಪ್ಯಾರಾಸಿಟಮಾಲ್ ಕೊಟ್ಟೆ.

ನಾಲ್ಕು ಗಂಟೆಗೆ ಸಿಸ್ಟರ್ ಬಂದರು. ಕೇಸ್ ಶೀಟ್ ಕೈಯಲ್ಲೇ ಇತ್ತು. "ಡಾಕ್ಟ್ರೇ, ಒಂದಕ್ಕೆ ಒಂದು ಔಷಧಿ, ಮೂರೂಕಾಲಿಗೆ ಇನ್ನೊಂದು. ಮತ್ತೆ ಕೇಳ್ತಿದಾನೆ. ಮೂಳೆ ಕೂರಿಸಿದ ಮೇಲೆ ನೋವು ಇಳೀಬೇಕಲ್ವಾ?"

ಹುಡುಗ ಜೋರಾಗಿ ಅಳುತ್ತಿರಲಿಲ್ಲ. ಅದೇ ನನ್ನನ್ನು ಮೋಸ ಮಾಡಿದ್ದು. ತಾಯಿ ಮುಟ್ಟಿದರೆ ಕೈ ತಳ್ಳುತ್ತಿದ್ದ, ದಿಂಬು ಸರಿಪಡಿಸಿದರೆ ಸಿಡುಕುತ್ತಿದ್ದ, ಒಂದು ಕಡೆ ಮಲಗುತ್ತಿರಲಿಲ್ಲ. ದೊಡ್ಡವರಾದರೆ ಎಲ್ಲಿ, ಹೇಗೆ ನೋವು ಎಂದು ಹೇಳುತ್ತಾರೆ. ಮಕ್ಕಳಲ್ಲಿ ಚಡಪಡಿಕೆ, ಗಾಬರಿ, ಏರುತ್ತಾ ಹೋಗುವ ಔಷಧಿಯ ಬೇಡಿಕೆ, ಇವೇ ಸ್ನಾಯುವಿನ ಹೊದಿಕೆಯೊಳಗೆ ಒತ್ತಡ ಏರಿ ರಕ್ತ ಹರಿಯದಂತಾಗುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ನ ಮೊದಲ ಮಾತು. ಪರೀಕ್ಷೆಗೆ ಬರೆದು ಅಂಕ ತಗೊಂಡಿದ್ದ ಸಾಲು ಇದು. ಎದುರಿಗೆ ಮಲಗಿದ್ದಾಗ ಗುರುತು ಹತ್ತಲಿಲ್ಲ.

ಬೆರಳುಗಳು ಈಗ ದಪ್ಪಗಾಗಿದ್ದವು. ಬಣ್ಣ ಮಾತ್ರ ಚೆನ್ನಾಗಿಯೇ ಇತ್ತು. ಒಳಗಿನ ಒತ್ತಡ ಏರಿದಾಗ ಮೊದಲು ಹಿಚುಕಿಹೋಗುವುದು ತೆಳು ಗೋಡೆಯ ಸಿರೆಗಳು. ರಕ್ತ ವಾಪಸ್ ಹೋಗಲಾರದೆ ಊತ ಹೆಚ್ಚುತ್ತದೆ, ಊತದಿಂದ ಒತ್ತಡ ಇನ್ನೂ ಏರುತ್ತದೆ, ಸ್ನಾಯುವಿನೊಳಗಿನ ಕೂದಲೆಳೆ ನಾಳಗಳು ಮುಚ್ಚಿಕೊಳ್ಳುತ್ತವೆ. ದೊಡ್ಡ ಅಪಧಮನಿಗೆ ಅಷ್ಟು ಒತ್ತಡ ಲೆಕ್ಕಕ್ಕಿಲ್ಲ, ಅದು ಹರಿಯುತ್ತಲೇ ಇರುತ್ತದೆ. ನಾಡಿ ನಿಂತ ಮೇಲೆ ಎಚ್ಚೆತ್ತರೆ ಸ್ನಾಯು ಆಗಲೇ ಸತ್ತಿರುತ್ತದೆ. 2.40ಕ್ಕೆ ನಾನು ಬರೆದ "ರಕ್ತಸಂಚಾರ ಚೆನ್ನಾಗಿದೆ" ಎಂಬುದು ಸುಳ್ಳಲ್ಲ, ಆದರೆ ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರವೂ ಅಲ್ಲ.

ಮಡಚಿಕೊಂಡಿದ್ದ ಮಧ್ಯದ ಬೆರಳನ್ನು ಮೆಲ್ಲಗೆ ನೇರ ಮಾಡಲು ಹೋದೆ. ಬೆರಳು ಮುರಿದಿಲ್ಲ, ಮುರಿದ ಜಾಗ ಅಲ್ಲಿಂದ ದೂರ. ಆದರೂ ಇಡೀ ವಾರ್ಡು ಏಳುವಂತೆ ಕಿರುಚಿದ. ಬೆರಳು ಮಡಚುವ ಸ್ನಾಯುಗಳ ಹೊಟ್ಟೆ ಇರುವುದು ಮುಂಗೈಯಲ್ಲಿ, ಅವನ್ನು ಎಳೆದಾಗ ಆ ನೋವು.

ಸರ್‌ಗೆ ಫೋನ್ ಮಾಡಿದೆ. ಥಿಯೇಟರಿನವರು ಸ್ಪೀಕರಿನಲ್ಲಿ ಹಿಡಿದರು. "ಸರ್, ಬಿಚ್ಚಿದರೆ ಮೂಳೆ ಜಾರಿಬಿಟ್ಟರೆ?" ಅಂತ ಕೇಳಿದೆ. ಅಷ್ಟು ಹೊತ್ತು ನನ್ನ ಕೈ ಕಟ್ಟಿಹಾಕಿದ್ದರಲ್ಲಿ ಆ ಭಯವೂ ಇತ್ತು. "ಜಾರಿದ ಮೂಳೆ ನಾಳೆ ಮತ್ತೆ ಕೂರಿಸ್ತೀನಿ. ಸತ್ತ ಸ್ನಾಯು ಕೂರಿಸೋಕೆ ನನಗೆ ಬರಲ್ಲ. ಈಗಲೇ ಕತ್ತರಿಸು. ಚರ್ಮ ಕಾಣೋವರೆಗೆ."

ದಿಂಬು ತೆಗೆದು ಕೈಯನ್ನು ಹೃದಯದ ಮಟ್ಟಕ್ಕೆ ಇಳಿಸಿದೆವು. ಇಂಥ ಹೊತ್ತಿನಲ್ಲಿ ತುಂಬ ಎತ್ತರ ಇಟ್ಟರೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಸಿಸ್ಟರ್ ಬೆರಳು ಮತ್ತು ಮೊಣಕೈ ಹಿಡಿದುಕೊಂಡರು. ಸ್ಲ್ಯಾಬ್ ಬೆನ್ನಿನ ಕಡೆ ಮಾತ್ರ ಇದ್ದುದರಿಂದ ಗರಗಸ ಬೇಕಾಗಲಿಲ್ಲ, ಕೆಳಗಿನ ಮೊನೆ ಮೊಂಡಾಗಿರುವ ಬ್ಯಾಂಡೇಜ್ ಕತ್ತರಿಯನ್ನು ಒಳಗೈ ಕಡೆಯಿಂದ ತೋಳಿನವರೆಗೆ ಓಡಿಸಿದೆ. ಗಾಜ್ ಕಟಕಟ ಎಂದು ಬಿಟ್ಟುಕೊಂಡಿತು. ಸಾಕೆಂದುಕೊಂಡು ನಿಲ್ಲಿಸಿದೆ. ಹುಡುಗನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹತ್ತಿ?" ಅಂದರು ಸಿಸ್ಟರ್.

ಹತ್ತಿ ಮೆತ್ತಗಿರುತ್ತದೆ, ಅದೇನು ಮಾಡೀತು ಎಂಬ ಲೆಕ್ಕ ನನ್ನದು. ಬೆರಳು ತೂರಿಸಿ ನೋಡಿದರೆ ಮೊಣಕೈಯ ಮಡಿಕೆಯಲ್ಲಿ ಅದು ನೆನೆದು ಒಣಗಿ ಪಟ್ಟಿಯಂತೆ ಗಟ್ಟಿಯಾಗಿತ್ತು, ಕೆಳಗೆ ಬೆರಳಿಗೂ ಜಾಗವಿರಲಿಲ್ಲ. ಕತ್ತರಿಯನ್ನು ಚರ್ಮಕ್ಕೆ ಒರಗಿಸಿಕೊಂಡೇ ಆ ಗಂಟನ್ನು ಕತ್ತರಿಸಿದೆ. ಅದು ಎರಡು ಬೆರಳಗಲ ಬಾಯಿ ಬಿಟ್ಟಿತು. ಅಡಿಯಲ್ಲಿ ಚರ್ಮದ ಮೇಲೆ ಒಂದು ಆಳವಾದ ಕೆಂಪು ಗೆರೆ, ಪೆನ್ಸಿಲಿನಷ್ಟು ದಪ್ಪ. ನನ್ನ ಅಂದದ ಸುತ್ತಿನ ಅಚ್ಚು.

ಪ್ರತಿ ಹದಿನೈದು ನಿಮಿಷಕ್ಕೆ ನೋಡಿ ಬರೆಯಲು ಸರ್ ಹೇಳಿದ್ದರು. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಹುಡುಗ ಥಿಯೇಟರಿಗೆ, ಮುಂಗೈಯ ಹೊದಿಕೆ ಸೀಳಿ ಒತ್ತಡ ಬಿಡಿಸಲು. ಮೊದಲ ಹದಿನೈದರಲ್ಲಿ ಸಿಡುಕು ನಿಂತಿತು. ಎರಡನೆಯದರಲ್ಲಿ ಬೆರಳು ಬಿಡಿಸಿದಾಗ ಮುಖ ಕಿವುಚಿದ, ಕಿರುಚಲಿಲ್ಲ. ಐದು ಗಂಟೆಗೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಅವನಿಗೆ ನಾಲ್ಕನೇ ಔಷಧಿ ಬೇಕಾಗಲೇ ಇಲ್ಲ. ಔಷಧಿ ಕೊಟ್ಟು ಅವನ ಬಾಯಿ ಮುಚ್ಚಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದು ಕುರ್ಚಿಯಲ್ಲಿ ಕೂತೇ ಇದ್ದೆ.

ಥಿಯೇಟರಿನಿಂದ ಬಂದ ಸರ್ ಮೊದಲು ಬೆರಳು ಬಿಡಿಸಿ ನೋಡಿದರು, ಆಮೇಲೆ ಆ ಕೆಂಪು ಗೆರೆ. ಬೈಯುತ್ತಾರೆಂದು ಕಾಯುತ್ತಿದ್ದೆ. "ಮೊಣಕೈ ಮೊದಲು ಮಡಚಬೇಕು, ಆಮೇಲೆ ಸುತ್ತಬೇಕು" ಎಂದಷ್ಟೇ ಹೇಳಿ, ನನ್ನ ಕೈಯನ್ನೇ ಮಡಚಿ ಹಿಡಿದು ಹತ್ತಿ ಎಲ್ಲಿ ಅಡ್ಡಡ್ಡ ಹಾಯಬೇಕು, ಮಡಿಕೆಯಲ್ಲಿ ಎಷ್ಟು ತೆಳು ಇರಬೇಕು ಎಂದು ತೋರಿಸಿದರು. ಬೆಳಗಿನ ಎಕ್ಸ್-ರೇಯಲ್ಲಿ ಮೂಳೆ ಬಹುಮಟ್ಟಿಗೆ ಕೂರಿಸಿದಲ್ಲೇ ಇತ್ತು. ಬೆನ್ನಿನ ಸ್ಲ್ಯಾಬ್ ಅದನ್ನು ಹಿಡಿದುಕೊಂಡಿತ್ತು. ಸಡಿಲವಾಗಿ ಮತ್ತೆ ಸುತ್ತಿದೆವು, ಊತ ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್. ಒಂದು ವಾರಕ್ಕೆ ಮತ್ತೆ ಫಿಲ್ಮ್, ಏಕೆಂದರೆ ಊತ ಇಳಿದಾಗ ಪ್ಲಾಸ್ಟರ್ ಸಡಿಲಾಗಿ ಮೂಳೆ ಜಾರುವುದು ಆ ಹೊತ್ತಿಗೇ.

ಎಂಟಕ್ಕೆ ಡ್ಯೂಟಿ ಮುಗಿಸಿ ಹೊರಡುವಾಗ ಅವನ ಹಾಸಿಗೆ ಹತ್ತಿರ ನಿಂತು ಕಲ್ಲು ಮಾಡು ಅಂದೆ. ಪ್ಲಾಸ್ಟರಿನಿಂದ ಇಣುಕಿದ ಬೆರಳುಗಳಿಂದ ಅವನು ಕತ್ತರಿ ಮಾಡಿ, "ಅಕ್ಕಾ, ನೀನು ಕಾಗದ ತೋರಿಸಬೇಕು, ಆಗ ನಾನು ಗೆಲ್ತೀನಿ" ಅಂದ.