ಧಾರಣೆ ಒಂದು ಕಡೆ, ಹರಟೆ ಒಂದು ಕಡೆ: ಟೆಲಿಗ್ರಾಂ ಗುಂಪಿಗೆ ಟಾಪಿಕ್ ಮಾಡುವ ಬಗೆ

ಸುಮಾರು ಆರುನೂರು ಅಡಿಕೆ ಬೆಳೆಗಾರರಿರುವ ಟೆಲಿಗ್ರಾಂ ಗುಂಪೊಂದರ ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಒಂದು ಮಳೆಗಾಲದಲ್ಲಿ ಒಬ್ಬರು ಬೆಳಿಗ್ಗೆ ಏಳು ಗಂಟೆಗೆ ಕೊಳೆ ಬಂದ ಅಡಿಕೆಯ ಫೋಟೊ ಹಾಕಿ ಏನು ಮಾಡಲಿ ಎಂದು ಕೇಳಿದ್ದರು. ಅದರ ಮೇಲೆ ಶುಭೋದಯದ ಹೂವುಗಳು ಬಿದ್ದವು, ಯಾರದೋ ಮೊಮ್ಮಗನ ಹುಟ್ಟುಹಬ್ಬ ಬಂತು, ಹಳೆಯ ಸ್ಪ್ರೇಯರ್ ಮಾರಾಟಕ್ಕಿದೆ ಎಂಬ ಜಾಹೀರಾತು ಬಂತು. ಸಂಜೆ ನಾನು ನೋಡುವಾಗ ಆ ಫೋಟೊ ನೂರು ಸಂದೇಶಗಳ ಅಡಿಯಲ್ಲಿತ್ತು, ಉತ್ತರ ಒಂದೂ ಇರಲಿಲ್ಲ. ಗುಂಪಿನೊಳಗೆ ಟಾಪಿಕ್‌ಗಳನ್ನು ಮಾಡಲು ಹೊರಟಿದ್ದು ಅಂದಿನಿಂದ. ಮೊದಲ ಸಲ ಚೆನ್ನಾಗಿಯೇ ಕೆಡಿಸಿದೆವು. ಆಮೇಲೆ ಇನ್ನೆರಡು ಗುಂಪುಗಳು ನಮ್ಮ ಹಾಗೆಯೇ ಕೆಡಿಸಿಕೊಂಡಿದ್ದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಟಾಪಿಕ್ ಎಂದರೆ ಒಂದೇ ಗುಂಪಿನೊಳಗಿನ ಬೇರೆ ಬೇರೆ ಕೋಣೆ. ಸದಸ್ಯರ ಪಟ್ಟಿ ಒಂದೇ, ಅಡ್ಮಿನ್‌ಗಳು ಅವರೇ, ಆದರೆ ಪ್ರತಿ ಕೋಣೆಯ ಮಾತುಕತೆ, ಫೋಟೊಗಳ ಸಂಗ್ರಹ, ಪಿನ್ ಮಾಡಿದ ಸಂದೇಶ ಮತ್ತು ಗಂಟೆಯ ಸದ್ದು ಪ್ರತ್ಯೇಕ. 2022ರ ನವೆಂಬರ್‌ನಲ್ಲಿ ಈ ಸೌಲಭ್ಯ ಬಂದಾಗ ಇನ್ನೂರು ಸದಸ್ಯರಿಗಿಂತ ದೊಡ್ಡ ಗುಂಪುಗಳಿಗೆ ಮಾತ್ರ ಸಿಗುತ್ತಿತ್ತು. ಈಗ ಆ ಕಟ್ಟು ಇಲ್ಲ.

ಹೆಜ್ಜೆ 1: ಮೊಬೈಲ್ ಮುಟ್ಟುವ ಮೊದಲು ಕಾಗದ ಹಿಡಿಯಿರಿ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲ ಸಲ ನಾವು ಅಡ್ಮಿನ್‌ಗಳು ಕುಳಿತು, ಕೃಷಿ ಪುಸ್ತಕದ ಪರಿವಿಡಿ ಬರೆಯುವಂತೆ, ಹತ್ತೊಂಬತ್ತು ಟಾಪಿಕ್ ಮಾಡಿದೆವು. ಕೊಳೆರೋಗಕ್ಕೊಂದು, ಎಲೆಚುಕ್ಕೆಗೊಂದು, ಹಿಡಿಮುಂಡಿಗೆಗೊಂದು, ಗೊಬ್ಬರಕ್ಕೊಂದು, ಔಷಧಕ್ಕೊಂದು. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಗರಿಯಲ್ಲಿ ಚುಕ್ಕೆ ಕಂಡ ಬೆಳೆಗಾರನಿಗೆ ಅದು ಯಾವ ರೋಗವೆಂದು ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅವನು ಕೇಳಲು ಬರುವುದು. ಅವನಿಗೆ ನಾವು ರೋಗದ ಹೆಸರು ಬರೆದ ಮೂರು ಬಾಗಿಲು ತೋರಿಸಿದೆವು. ಒಬ್ಬರು ಒಂದೇ ಫೋಟೊವನ್ನು ಮೂರರಲ್ಲೂ ಹಾಕಿದರು, ಮೂರು ಕಡೆ ಮೂರು ಬಗೆಯ ಉತ್ತರ ಬಂತು, ಒಂದು ಕಡೆ ಬರೆದವರಿಗೆ ಇನ್ನೊಂದು ಕಡೆಯ ಮಾತು ಕಾಣಲಿಲ್ಲ. ಉಳಿದವರು ತಲೆಬಿಸಿಯೇ ಬೇಡವೆಂದು ಎಲ್ಲವನ್ನೂ ಮೊದಲಿನ ಜಾಗದಲ್ಲೇ ಸುರಿದರು.

ಎರಡನೆಯ ಸಲ ಬೇರೆ ದಾರಿ ಹಿಡಿದೆವು. ಗುಂಪಿನ ಕೊನೆಯ ಮುನ್ನೂರು ಸಂದೇಶಗಳನ್ನು ಓದುತ್ತಾ ಕಾಗದದಲ್ಲಿ ಗೆರೆ ಎಳೆದೆವು. ಒಂದು ಸಂಜೆಯ ಕೆಲಸ. ನಮ್ಮ ಲೆಕ್ಕ ಹೀಗೆ ಬಂತು: ಶುಭಾಶಯ ಮತ್ತು ಫಾರ್ವರ್ಡ್ 118, ಧಾರಣೆ 61, ರೋಗ ಮತ್ತು ಔಷಧ 54, ಮರ ಹತ್ತಿ ಔಷಧ ಹೊಡೆಯುವ, ಕೊನೆ ಕೊಯ್ಯುವ ಕೊನೆಗೌಡರು ಮತ್ತು ಆಳುಗಳ ವಿಚಾರ 31, ಯಂತ್ರ-ಸಲಕರಣೆಗಳ ಮಾರಾಟ 22, ಚಿಲ್ಲರೆ 14. ಹತ್ತೊಂಬತ್ತು ಕೋಣೆಗೆ ಬೇಕಾದಷ್ಟು ಮಾತೇ ನಮ್ಮಲ್ಲಿ ಇರಲಿಲ್ಲ.

ಗೆರೆಗಳ ಹಿಂದೆ ಇನ್ನೊಂದು ಸಂಗತಿಯೂ ಅಡಗಿತ್ತು. ಧಾರಣೆಯ 61ರಲ್ಲಿ ನಿಜವಾದ ಅಂಕಿ ಇದ್ದದ್ದು ಹತ್ತರಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ‘ಇಂದು ರಾಶಿ ಎಷ್ಟು?’, ‘ಚಾಲಿ ಏರಿತೇ?’ ಎಂದು ಬಗೆಬಗೆಯ ಅಡಿಕೆಯ ಬೆಲೆ ಕೇಳುವ ಪ್ರಶ್ನೆಗಳು, ಅದರ ಬೆನ್ನಿಗೆ ಊಹೆಗಳು. ಅಂದರೆ ಧಾರಣೆಗೆ ಬೇಕಾಗಿದ್ದು ಚರ್ಚೆಯ ಕೋಣೆಯಲ್ಲ, ಸೂಚನಾ ಫಲಕ. ದಿನಕ್ಕೊಂದು ಸಂದೇಶ ಸರಿಯಾಗಿ ಬಿದ್ದರೆ ಐವತ್ತು ಪ್ರಶ್ನೆ ಹುಟ್ಟುವುದೇ ಇಲ್ಲ. ಈ ಮರ್ಮ ಗೆರೆ ಎಳೆಯದೆ ತಿಳಿಯುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಐದು: ‘ಇಂದಿನ ಧಾರಣೆ’, ‘ರೋಗ: ಫೋಟೊ ಹಾಕಿ ಕೇಳಿ’, ‘ಕೊನೆಗೌಡರು ಬೇಕು / ಇದ್ದಾರೆ’, ‘ಕೊಡುವುದು ಕೊಳ್ಳುವುದು’, ‘ಹರಟೆ’. ಹೆಸರುಗಳನ್ನು ಗಮನಿಸಿ. ಬರುವವನ ಕೈಯಲ್ಲಿ ಏನಿದೆಯೋ ಅದರ ಹೆಸರೇ ಕೋಣೆಗೆ. ಔಷಧ ಎಂಬುದು ಉತ್ತರದಲ್ಲಿ ಬರುವ ಪದ, ಬಾಗಿಲ ಮೇಲೆ ಅದಕ್ಕೆ ಕೆಲಸವಿಲ್ಲ. ಒಂದು ಸಂದೇಶ ಎರಡು ಟಾಪಿಕ್‌ಗೂ ಸಲ್ಲುವಂತಿದ್ದರೆ ಆ ಎರಡನ್ನೂ ಸೇರಿಸಿಬಿಡಿ. ಏಳಕ್ಕಿಂತ ಹೆಚ್ಚು ಟಾಪಿಕ್ ಬೇಡವೇ ಬೇಡ. ಮೊಬೈಲ್ ಪರದೆಯಲ್ಲಿ ಜಾರಿಸದೆ ಕಾಣುವಷ್ಟೇ ಇರಲಿ.

‘ಹರಟೆ’ಯನ್ನು ತೆಗೆದುಹಾಕಬೇಕೆಂದು ನಮ್ಮಲ್ಲಿ ಇಬ್ಬರು ಹಟ ಹಿಡಿದಿದ್ದರು. ತೆಗೆದರೆ ಆ 118 ಸಂದೇಶಗಳು ನಿಲ್ಲುವುದಿಲ್ಲ, ರೋಗದ ಕೋಣೆಗೆ ನುಗ್ಗುತ್ತವೆ. ಮನೆಗೆ ಜಗಲಿ ಬೇಕು. ಬರುವ ತಿಂಗಳು ಧಾರಣೆ ಏರುತ್ತದೆಯೋ ಇಳಿಯುತ್ತದೆಯೋ ಎಂಬ ಭವಿಷ್ಯವಾಣಿಗೂ ನಾವು ಜಗಲಿಯಲ್ಲೇ ಜಾಗ ಕೊಟ್ಟಿದ್ದೇವೆ.

ಹೆಜ್ಜೆ 2: ಗುಂಡಿ ಒತ್ತುವುದು

ಗುಂಪು ಆರಂಭಿಸಿದವರ ಫೋನಿನಲ್ಲಿ ಗುಂಪಿನ ಹೆಸರನ್ನು ಒತ್ತಿ, ಪೆನ್ಸಿಲ್ ಗುರುತಿಗೆ ಹೋಗಿ, Topics ಎಂಬುದನ್ನು ಚಾಲೂ ಮಾಡಿ. ನಂತರ Create Topic ಒತ್ತಿ ಒಂದೊಂದಾಗಿ ಹೆಸರು ಕೊಡಿ. ನಿಮ್ಮ ಗುಂಪು ಯಾವುದಾದರೂ ಚಾನೆಲ್‌ನ ಚರ್ಚಾ ಗುಂಪಾಗಿ ಜೋಡಣೆಯಾಗಿದ್ದರೆ ಈ ಸೌಲಭ್ಯ ಸಿಗದು. ಮೊದಲು ಆ ಜೋಡಣೆ ಬಿಡಿಸಬೇಕು. ಪ್ರತಿ ಟಾಪಿಕ್‌ಗೆ ಒಂದು ಚಿತ್ರ ಕೊಡಬಹುದು. ಪುಕ್ಕಟೆ ಸಿಗುವವೇ ಧಾರಾಳವಾಗಿವೆ, ಇದಕ್ಕಾಗಿ ಯಾರೂ ಹಣ ಕೊಟ್ಟು ಪ್ರೀಮಿಯಂ ಮಾಡಿಸಬೇಕಿಲ್ಲ.

ಅಲ್ಲಿಂದ ಹೊರಡುವ ಮೊದಲು Permissions ತೆರೆದು, ಸದಸ್ಯರಿಗಿರುವ Create Topics ಅನುಮತಿಯನ್ನು ತೆಗೆಯಿರಿ. ನಾವು ಅದನ್ನು ಮರೆತಿದ್ದೆವು. ಮರುದಿನ ಬೆಳಿಗ್ಗೆ ‘ಶುಭೋದಯ’ ಎಂಬ ಟಾಪಿಕ್ ಹುಟ್ಟಿತ್ತು, ಅದರ ಕೆಳಗೆ ‘ಶುಭ ಮುಂಜಾನೆ’ ಎಂಬ ಇನ್ನೊಂದು.

ಹೆಜ್ಜೆ 3: General ಎಂಬ ಹಗೇವು

ಟಾಪಿಕ್ ಚಾಲೂ ಮಾಡಿದೊಡನೆ ಗುಂಪಿನ ಹಳೆಯ ಸಂದೇಶಗಳೆಲ್ಲ General ಎಂಬ ಕೋಣೆಗೆ ಹೋಗಿ ಬೀಳುತ್ತವೆ. ಇದನ್ನು ಅಳಿಸಲು ಬರುವುದಿಲ್ಲ. ಟಾಪಿಕ್ ಮಾಡಿದ ಗುಂಪುಗಳು ಸೋಲುವುದು ಬಹುಪಾಲು ಇಲ್ಲಿಯೇ. ಹಳೆಯ ಮಾತೆಲ್ಲ ಅಲ್ಲಿರುವುದರಿಂದ ಜನ ಅದನ್ನೇ ‘ನಮ್ಮ ಗುಂಪು’ ಎಂದುಕೊಂಡು ಅಲ್ಲೇ ಮುಂದುವರಿಸುತ್ತಾರೆ. ಹೊಸ ಕೋಣೆಗಳು ಖಾಲಿ ಉಳಿಯುತ್ತವೆ. ಖಾಲಿ ಕೋಣೆಯಲ್ಲಿ ಕೇಳಿದರೆ ಯಾರು ಉತ್ತರಿಸುತ್ತಾರೆ ಎಂದು ಮತ್ತೆ General‌ಗೇ ಬರುತ್ತಾರೆ.

ಅದನ್ನೇ ‘ಹರಟೆ’ ಎಂದು ಹೆಸರು ಬದಲಿಸಿ ಬಳಸಬಹುದು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ಜಾಗ ಹಳೆಯ ಅಭ್ಯಾಸವನ್ನೂ ಇಟ್ಟುಕೊಂಡಿರುತ್ತದೆ. ಅಲ್ಲಿ ಕೊನೆಯದಾಗಿ ಒಂದು ಸಂದೇಶ ಬರೆಯಿರಿ: ಐದು ಟಾಪಿಕ್‌ಗಳ ಹೆಸರು, ಪ್ರತಿಯೊಂದರ ಮುಂದೆ ಅದರ ಕೊಂಡಿ. ಅದನ್ನು ಪಿನ್ ಮಾಡಿ, ನಂತರ General ಮೇಲೆ ಬೆರಳನ್ನು ಒತ್ತಿಹಿಡಿದು ಮುಚ್ಚಿ. ಮುಚ್ಚಿದ ಕೋಣೆಯಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಓದಲು ಎಲ್ಲರಿಗೂ ಅಡ್ಡಿಯಿಲ್ಲ. ಒಂದು ವಾರ ಹಾಗೇ ಬಿಟ್ಟು, ಜನರಿಗೆ ದಾರಿ ಗೊತ್ತಾದ ಮೇಲೆ Hide ಒತ್ತಿ ಮರೆಮಾಡಿ. ಮೊದಲ ದಿನವೇ ಮರೆಮಾಡಿದರೆ ‘ಹಳೆಯದೆಲ್ಲ ಅಳಿಸಿಹೋಯಿತು’ ಎಂದು ಫೋನ್ ಕರೆಗಳು ಬರುತ್ತವೆ.

ಇಷ್ಟಾದರೂ ಒಬ್ಬಿಬ್ಬರು ‘ನನಗೆ ಟಾಪಿಕ್ ಕಾಣುತ್ತಿಲ್ಲ, ಎಲ್ಲ ಒಟ್ಟಿಗೇ ಬರುತ್ತಿದೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮೇಲಿನ ಮೂರು ಚುಕ್ಕಿಯಲ್ಲಿ View as Messages ಎಂಬ ಆಯ್ಕೆಯಿದೆ; ಕೈ ತಗುಲಿ ಅದು ಒತ್ತಿಹೋದರೆ ಎಲ್ಲ ಕೋಣೆಗಳ ಮಾತು ಒಂದೇ ಹರಿವಿನಲ್ಲಿ ಕಾಣುತ್ತದೆ. ಅದೇ ಜಾಗದಲ್ಲಿ View as Topics ಒತ್ತಿಸಿದರೆ ಸರಿಯಾಗುತ್ತದೆ.

ಹೊಸಬರನ್ನು ಸ್ವಾಗತಿಸುವ ಬಾಟ್ ಇಟ್ಟುಕೊಂಡಿರುವವರು ಅದನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ನಮ್ಮದಕ್ಕೆ ಟಾಪಿಕ್ ಎಂದರೇನೆಂದೇ ಗೊತ್ತಿರಲಿಲ್ಲ. ನಿಯಮಗಳನ್ನೆಲ್ಲ ಮರೆಯಾಗಿದ್ದ General‌ಗೆ ಹಾಕುತ್ತಿತ್ತು. ತಿಂಗಳುಗಟ್ಟಲೆ ಯಾರೂ ಅದನ್ನು ಓದಲಿಲ್ಲ. ನಾವು ಬಾಟ್ ಕಿತ್ತುಹಾಕಿದೆವು.

ಹೆಜ್ಜೆ 4: ಧಾರಣೆಯನ್ನು ಫಲಕವಾಗಿಸುವುದು

‘ಇಂದಿನ ಧಾರಣೆ’ ಟಾಪಿಕ್ ಅನ್ನೂ ಮುಚ್ಚಿ. ಒಂದೊಂದು ಟಾಪಿಕ್‌ಗೆ ಬೇರೆ ಬೇರೆ ನಿಯಮ ಹಾಕುವ ಸೌಲಭ್ಯ ಟೆಲಿಗ್ರಾಂನಲ್ಲಿ ಇಲ್ಲ. ಫೋಟೊ ನಿಷೇಧಿಸಿದರೆ ಇಡೀ ಗುಂಪಿಗೇ ನಿಷೇಧ. ಆದ್ದರಿಂದ ಮುಚ್ಚುವುದೊಂದೇ ಉಪಾಯ. ಮಾರುಕಟ್ಟೆಗೆ ದಿನವೂ ಹೋಗುವ ಒಬ್ಬರನ್ನು ಅಡ್ಮಿನ್ ಮಾಡಿ, ಅವರಿಗೆ Manage Topics ಅಧಿಕಾರ ಮಾತ್ರ ಕೊಟ್ಟು ಉಳಿದದ್ದನ್ನೆಲ್ಲ ತೆಗೆಯಿರಿ. ನಮ್ಮವರು ಸಂಜೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಒಂದೇ ಸಂದೇಶದಲ್ಲಿ ಹಾಕುತ್ತಾರೆ. ‘ಎಷ್ಟು?’ ಎಂಬ ಪ್ರಶ್ನೆ ಎರಡೇ ವಾರದಲ್ಲಿ ನಿಂತಿತು.

ಹೆಜ್ಜೆ 5: ದಾರಿ ತಪ್ಪಿದ ಸಂದೇಶ

ಒಂದು ಟಾಪಿಕ್‌ನಿಂದ ಇನ್ನೊಂದಕ್ಕೆ ಸಂದೇಶವನ್ನು ಎತ್ತಿಡಲು ಆಗುವುದಿಲ್ಲ. ಫಾರ್ವರ್ಡ್ ಮಾಡಿ ಮೂಲವನ್ನು ಅಳಿಸಬಹುದು, ಅಷ್ಟೇ. ಸುಲಭವಾಗಿ ಕಾಣುವ ಈ ದಾರಿಯಲ್ಲಿ ಒಂದು ತೊಡಕಿದೆ. ಫಾರ್ವರ್ಡ್ ಮಾಡಿದವರು ನೀವಾದ್ದರಿಂದ, ಯಾರಾದರೂ ಅದಕ್ಕೆ ಉತ್ತರಿಸಿದರೆ ಸದ್ದು ನಿಮ್ಮ ಫೋನಿನಲ್ಲಿ ಆಗುತ್ತದೆ, ಕೇಳಿದ ಬೆಳೆಗಾರನಿಗೆ ತಿಳಿಯುವುದೇ ಇಲ್ಲ.

‘ಕೊಡುವುದು ಕೊಳ್ಳುವುದು’ ಟಾಪಿಕ್‌ನಲ್ಲಿ ಒಬ್ಬರು ಮೈಲುತುತ್ತಕ್ಕೆ ಎಲ್ಲಿ ಕಡಿಮೆ ಬೆಲೆ ಎಂದು ಕೇಳುತ್ತಾ, ಅದೇ ಸಂದೇಶದಲ್ಲಿ ಉದುರಿದ ಕಾಯಿಯ ನಾಲ್ಕು ಫೋಟೊ ಹಾಕಿ, ಕೊಳೆಗೆ ಬೋರ್ಡೋ ದ್ರಾವಣ ಹೊಡೆದು ನಲವತ್ತು ದಿನವಾಯಿತು, ಮತ್ತೆ ಹೊಡೆಯಬೇಕೇ ಎಂದಿದ್ದರು. ನಾಲ್ಕೂ ಫೋಟೊಗಳನ್ನು ಒಟ್ಟಿಗೆ ಆರಿಸಿ ರೋಗದ ಟಾಪಿಕ್‌ಗೆ ಫಾರ್ವರ್ಡ್ ಮಾಡಿದೆ. ಅದರ ಕೆಳಗೆ ಅವರ ಹೆಸರನ್ನು @ ಜೊತೆ ಬರೆದು ‘ನಿಮ್ಮ ಪ್ರಶ್ನೆ ಇಲ್ಲಿದೆ, ಉತ್ತರ ಇಲ್ಲೇ ನೋಡಿ’ ಎಂದೆ. ಆಗ ಅವರ ಫೋನು ಸದ್ದು ಮಾಡಿತು. ಮೈಲುತುತ್ತದ ಮಾತು ಸರಿಯಾದ ಜಾಗದಲ್ಲೇ ಇದ್ದದ್ದರಿಂದ ಮೂಲವನ್ನು ಅಳಿಸಲಿಲ್ಲ. ಉತ್ತರ ಅರ್ಧ ಗಂಟೆಯಲ್ಲಿ ಬಂತು: ಮಳೆ ಬಿಡುವು ಕೊಟ್ಟ ದಿನ ಎರಡನೆಯ ಸಲ ಹೊಡೆಯಿರಿ, ಉದುರಿದ ಕಾಯಿ ತೋಟದಲ್ಲಿ ಬಿಡಬೇಡಿ.

ದಾರಿ ತಪ್ಪಿದ ಸಂದೇಶಕ್ಕೆ ಅಲ್ಲೇ ಉತ್ತರ ಕೊಟ್ಟರೆ ಮಾತ್ರ ಕೆಟ್ಟಿತು. ಮುಂದಿನವರೂ ಅಲ್ಲೇ ಕೇಳುತ್ತಾರೆ. ಉತ್ತರಿಸುವ ನಾಲ್ಕೈದು ಜನ ಅನುಭವಿಗಳಿಗೆ ಇದನ್ನು ಖುದ್ದಾಗಿ ಹೇಳಿಡಿ. ‘ಇದನ್ನು ಎಲ್ಲಿ ಹಾಕಲಿ?’ ಎಂಬ ಪ್ರಶ್ನೆ ವಾರಕ್ಕೆರಡು ಸಲ ಬಂದರೆ ತಪ್ಪು ಸದಸ್ಯರದ್ದಲ್ಲ, ಟಾಪಿಕ್‌ನ ಹೆಸರಿನದ್ದು. ಹೆಸರು ಬದಲಿಸಿ.

ಹೆಜ್ಜೆ 6: ಗಂಟೆಯ ಸದ್ದು

ಇಡೀ ಗುಂಪನ್ನು ಮ್ಯೂಟ್ ಮಾಡಿ, ಬೇಕಾದ ಒಂದು ಟಾಪಿಕ್‌ಗೆ ಮಾತ್ರ ಸದ್ದು ಇಟ್ಟುಕೊಳ್ಳಲು ಎಲ್ಲರಿಗೂ ಹೇಳಿ. ಈ ಒಂದು ಮಾತಿಗೆ ನನಗೆ ಬಂದಷ್ಟು ಕೃತಜ್ಞತೆ ಬೇರೆ ಯಾವುದಕ್ಕೂ ಬಂದಿಲ್ಲ.

ಹೆಜ್ಜೆ 7: ಕಾಲ ಮುಗಿದ ಟಾಪಿಕ್

ಅಳಿಸಬೇಡಿ. ಟಾಪಿಕ್ ಅಳಿಸಿದರೆ ಅದರೊಳಗಿನ ಪ್ರತಿ ಸಂದೇಶ, ಪ್ರತಿ ಫೋಟೊ ಹೋಗುತ್ತದೆ. ನಮ್ಮ ಅಡ್ಮಿನ್ ಒಬ್ಬರು ಆ ಹತ್ತೊಂಬತ್ತನ್ನು ಐದಕ್ಕೆ ಇಳಿಸುವ ಉತ್ಸಾಹದಲ್ಲಿ ಎಲೆಚುಕ್ಕೆಯ ಟಾಪಿಕ್ ಅಳಿಸಿದರು. ಒಂದೇ ತೋಟದ ಮರಗಳನ್ನು ಆರು ತಿಂಗಳು ವಾರವಾರವೂ ತೆಗೆದ ಫೋಟೊಗಳು ಅದರಲ್ಲಿದ್ದವು, ತೆಗೆದವರ ಫೋನು ಅಷ್ಟರಲ್ಲಿ ಹಾಳಾಗಿತ್ತು. ಬೇಡವಾದ ಟಾಪಿಕ್ ಅನ್ನು ಮುಚ್ಚಿ ಸುಮ್ಮನಿರಿ, ಅದು ತಾನಾಗಿ ಕೆಳಗೆ ಜಾರುತ್ತದೆ. ಕೊನೆಕೊಯ್ಲು ಮುಗಿದ ಮೇಲೆ ನಾವು ಕೊನೆಗೌಡರ ಟಾಪಿಕ್ ಅನ್ನು ಹಾಗೆಯೇ ಮುಚ್ಚುತ್ತೇವೆ. ಮೇ ಕೊನೆಯ ವಾರ, ಮೊದಲ ಬೋರ್ಡೋಗೆ ಜನ ಹುಡುಕುವ ಹೊತ್ತಿಗೆ, ಮತ್ತೆ ತೆರೆದು ಮೇಲೆ ಪಿನ್ ಮಾಡುತ್ತೇವೆ. ಹಿಂದಿನ ವರ್ಷ ಯಾರು ಯಾವ ಊರಿನಿಂದ ಬಂದಿದ್ದರು, ಮರಕ್ಕೆ ಎಷ್ಟು ಕೂಲಿ ಎಂಬುದೆಲ್ಲ ಅಲ್ಲೇ ಇರುತ್ತದೆ.